ಮನೆ ಮಾರಾಟದ ಬಂಡವಾಳ ಲಾಭ: ಲೆಕ್ಕಪಟ್ಟಿಯನ್ನು ಪರಿಶೀಲಿಸುವುದು ಹೇಗೆ?

ಸ್ಥಿರಾಸ್ತಿ ಮಾರಿದವರಿಗೆ ಲೆಕ್ಕಪರಿಶೋಧಕರು ಕೊಡುವ ಬಂಡವಾಳ ಲಾಭದ ಲೆಕ್ಕಪಟ್ಟಿ ಸಾಮಾನ್ಯವಾಗಿ ಒಂದೇ ಪುಟದ್ದು. ಕೂಡುವುದು, ಕಳೆಯುವುದರಲ್ಲಿ ತಪ್ಪಾಗುವುದು ಅಪರೂಪ. ತಪ್ಪು ಇರುವುದು ಲೆಕ್ಕಕ್ಕೆ ಆಧಾರವಾಗಿ ಹಿಡಿದ ದಿನಾಂಕಗಳಲ್ಲಿ ಮತ್ತು ಮೂಲ ಬೆಲೆಯಲ್ಲಿ. ಪಿತ್ರಾರ್ಜಿತವಾಗಿ ಬಂದ ಮನೆಯ ವಿಷಯದಲ್ಲಂತೂ ಒಂದು ವರ್ಷವನ್ನು ತಪ್ಪಾಗಿ ನಮೂದಿಸಿದರೆ ತೆರಿಗೆಯಲ್ಲಿ ಲಕ್ಷಾಂತರ ರೂಪಾಯಿಗಳ ವ್ಯತ್ಯಾಸವಾಗಬಹುದು. ಅದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ.

ದಾವಣಗೆರೆಯಲ್ಲಿ ತಂದೆ 1994ರಲ್ಲಿ 3.50 ಲಕ್ಷ ರೂ.ಗೆ ಒಂದು ಮನೆ ಕೊಂಡಿದ್ದರು. 2012ರ ಜೂನ್‌ನಲ್ಲಿ ಅವರು ತೀರಿಕೊಂಡ ನಂತರ ಮನೆ ಮಗಳ ಪಾಲಿಗೆ ಬಂತು. 2014-15ರಲ್ಲಿ ಆಕೆ 6 ಲಕ್ಷ ರೂ. ವೆಚ್ಚ ಮಾಡಿ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸಿದರು. 2025ರ ನವೆಂಬರ್ 14ರಂದು ಮನೆಯನ್ನು 90 ಲಕ್ಷ ರೂ.ಗೆ ಮಾರಿ, ದಲ್ಲಾಳಿಗೆ 90 ಸಾವಿರ ರೂ. ಕೊಟ್ಟರು. ಆಕೆಯ ಕೈಗೆ ಬಂದ ಲೆಕ್ಕಪಟ್ಟಿ 8,63,750 ರೂ. ತೆರಿಗೆ ತೋರಿಸುತ್ತಿದೆ. ಇದು ಸರಿಯೇ? (ಇಲ್ಲಿನ ತೆರಿಗೆ ಮೊತ್ತಗಳಲ್ಲಿ ಸರ್ಚಾರ್ಜ್ ಮತ್ತು ಸೆಸ್ ಸೇರಿಲ್ಲ.)

ಈ ಮಾರಾಟ 2026ರ ಮಾರ್ಚ್ 31ಕ್ಕೆ ಮುಂಚಿನದಾದ್ದರಿಂದ ಇದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಲಾದ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳು ಬೇರೆ.

ಹೊಂದಿದ್ದ ಅವಧಿ

ಜಮೀನು ಅಥವಾ ಕಟ್ಟಡವನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದು ಮಾರಿದರೆ ಬರುವುದು ದೀರ್ಘಾವಧಿ ಲಾಭ. ಇಲ್ಲವಾದರೆ ಅದು ಅಲ್ಪಾವಧಿ ಲಾಭವಾಗಿ, ಇತರ ಆದಾಯದೊಂದಿಗೆ ಸೇರಿ ಸಾಮಾನ್ಯ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಉತ್ತರಾಧಿಕಾರ, ಉಯಿಲು ಅಥವಾ ದಾನದ ಮೂಲಕ ಬಂದ ಆಸ್ತಿಗೆ ಹಿಂದಿನ ಮಾಲೀಕರು ಹೊಂದಿದ್ದ ಅವಧಿಯನ್ನೂ ಸೇರಿಸಿಕೊಳ್ಳಬೇಕು. ಆದ್ದರಿಂದ ಪಟ್ಟಿಯಲ್ಲಿ ಆಸ್ತಿ ಬಂದ ವರ್ಷವೆಂದು 1994 ಇರಬೇಕಾಗಿತ್ತು, 2012 ಎಂದಿದೆ. ಎರಡೂ 24 ತಿಂಗಳನ್ನು ದಾಟುವುದರಿಂದ ಲಾಭದ ವರ್ಗ ಬದಲಾಗುವುದಿಲ್ಲ. ಆದರೆ ಇದೇ ತಪ್ಪು ವರ್ಷ ಮುಂದಿನ ಸಾಲುಗಳಿಗೂ ಹರಿಯುತ್ತದೆ.

ಮೂಲ ಬೆಲೆ

ಆಸ್ತಿಯನ್ನು ಹಿಂದಿನ ಮಾಲೀಕರು ಕೊಂಡ ಬೆಲೆಯೇ ಉತ್ತರಾಧಿಕಾರಿಗೂ ಮೂಲ ಬೆಲೆ. ಆದರೆ ಆಸ್ತಿ 2001ರ ಏಪ್ರಿಲ್ 1ಕ್ಕೆ ಮುಂಚೆ ಕೊಂಡಿದ್ದಾದರೆ, ಆ ದಿನದ ನ್ಯಾಯಯುತ ಮಾರುಕಟ್ಟೆ ಮೌಲ್ಯವನ್ನು ಅದರ ಬದಲಿಗೆ ಹಿಡಿಯುವ ಆಯ್ಕೆ ತೆರಿಗೆದಾರರಿಗಿದೆ. ಇಲ್ಲಿ ನೋಂದಾಯಿತ ಮೌಲ್ಯಮಾಪಕರು ಆ ಮೌಲ್ಯವನ್ನು 16 ಲಕ್ಷ ರೂ. ಎಂದು ವರದಿ ಕೊಟ್ಟಿದ್ದಾರೆ. ಅದನ್ನು ಹಾಗೆಯೇ ಬಳಸುವಂತಿಲ್ಲ. 2020ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯ ಪ್ರಕಾರ ಈ ಮೌಲ್ಯವು, ಲಭ್ಯವಿದ್ದಲ್ಲಿ, ಅದೇ ದಿನದ ಮುದ್ರಾಂಕ ಮೌಲ್ಯವನ್ನು, ಅಂದರೆ ನಮ್ಮಲ್ಲಿ ಉಪನೋಂದಣಾಧಿಕಾರಿಗಳ ಮಾರ್ಗಸೂಚಿ ಬೆಲೆಯನ್ನು, ಮೀರಬಾರದು. ಆ ಬೆಲೆ 14 ಲಕ್ಷ ರೂ. ಆಗಿದ್ದರೆ ಮೂಲ ಬೆಲೆ 14 ಲಕ್ಷವೇ. ಪಟ್ಟಿಯಲ್ಲಿ ಈ ಮೊತ್ತ ಸರಿಯಾಗಿದೆ. ವರದಿಯ ಜೊತೆಗೆ 2001ರ ಮಾರ್ಗಸೂಚಿ ಬೆಲೆಯ ದಾಖಲೆಯನ್ನೂ ಕಡತದಲ್ಲಿ ಇಟ್ಟುಕೊಳ್ಳಬೇಕು.

ಮಾರಾಟದ ಬೆಲೆಗೂ ಇಂಥದೇ ಒಂದು ತಪಾಸಣೆಯುಂಟು. ಮಾರಾಟದ ಹೊತ್ತಿನ ಮಾರ್ಗಸೂಚಿ ಬೆಲೆ ಪತ್ರದಲ್ಲಿ ನಮೂದಿಸಿದ ಬೆಲೆಯ ಶೇ 110ನ್ನು ಮೀರಿದರೆ ಮಾರ್ಗಸೂಚಿ ಬೆಲೆಯನ್ನೇ ಮಾರಾಟದ ಬೆಲೆಯಾಗಿ ಹಿಡಿಯಲಾಗುತ್ತದೆ. ಇಲ್ಲಿ ಅದು 94.50 ಲಕ್ಷ ರೂ.; ಮಿತಿ 99 ಲಕ್ಷ. ಹಾಗಾಗಿ 90 ಲಕ್ಷವೇ ನಿಲ್ಲುತ್ತದೆ. ದಲ್ಲಾಳಿ ಹಣ ಕಳೆದರೆ ಉಳಿಯುವುದು 89.10 ಲಕ್ಷ.

ಹಣದುಬ್ಬರ ಸೂಚ್ಯಂಕ

2024ರ ಜುಲೈ 23ರಿಂದೀಚೆಗಿನ ಮಾರಾಟಗಳಿಗೆ ಸಾಮಾನ್ಯ ನಿಯಮ ಶೇ 12.5ರ ತೆರಿಗೆ; ಸೂಚ್ಯಂಕದ ಅನುಕೂಲವಿಲ್ಲ. ಆದರೆ ಆ ದಿನಕ್ಕೆ ಮುಂಚೆ ಪಡೆದ ಜಮೀನು ಅಥವಾ ಕಟ್ಟಡವನ್ನು ಭಾರತದ ನಿವಾಸಿಯಾದ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾರಿದಾಗ, ಹಳೆಯ ಪದ್ಧತಿಯಂತೆ ಸೂಚ್ಯಂಕ ಸಹಿತ ಶೇ 20ರ ತೆರಿಗೆಯನ್ನೂ ಲೆಕ್ಕ ಹಾಕಿ, ಅದಕ್ಕಿಂತ ಹೆಚ್ಚಾದ ತೆರಿಗೆಯನ್ನು ಬಿಡಲಾಗುತ್ತದೆ. ಮಾರಾಟದ ವರ್ಷದಲ್ಲಿ ಅನಿವಾಸಿಯಾಗಿರುವ ಕನ್ನಡಿಗರಿಗೆ ಈ ರಿಯಾಯಿತಿ ದೊರೆಯದು. ಆದ್ದರಿಂದ ನಿವಾಸಿಗಳ ಪಟ್ಟಿಯಲ್ಲಿ ಎರಡು ಅಂಕಣಗಳು ಇರಲೇಬೇಕು.

ಮೊದಲ ಅಂಕಣದಲ್ಲಿ 89.10 ಲಕ್ಷದಿಂದ ಮೂಲ ಬೆಲೆ 14 ಲಕ್ಷ ಮತ್ತು ಕೋಣೆಗಳ ವೆಚ್ಚ 6 ಲಕ್ಷ ಕಳೆದರೆ ಲಾಭ 69.10 ಲಕ್ಷ. ಶೇ 12.5ರಂತೆ ತೆರಿಗೆ 8,63,750 ರೂ.

ಎರಡನೆಯ ಅಂಕಣಕ್ಕೆ 2025-26ರ ಸೂಚ್ಯಂಕ 376 ಬೇಕು. ಪಟ್ಟಿ ಸಿದ್ಧಪಡಿಸಿದವರು ಮನೆ ಮಗಳಿಗೆ ಬಂದ 2012-13ರ ಸೂಚ್ಯಂಕ 200ನ್ನು ಆಧಾರವಾಗಿ ಹಿಡಿದಿದ್ದಾರೆ. ಆಗ 14 ಲಕ್ಷವು 26.32 ಲಕ್ಷವಾಗುತ್ತದೆ. ಕೋಣೆಗಳ 6 ಲಕ್ಷವು 2014-15ರ ಸೂಚ್ಯಂಕ 240ರಂತೆ 9.40 ಲಕ್ಷ. ಲಾಭ 53.38 ಲಕ್ಷ, ಶೇ 20ರ ತೆರಿಗೆ 10,67,600 ರೂ. ಇದು ಮೊದಲ ಅಂಕಣಕ್ಕಿಂತ ಹೆಚ್ಚು. ಆದ್ದರಿಂದ 8,63,750 ರೂ. ಎಂದು ಅವರು ತೀರ್ಮಾನಿಸಿದರು.

ತಪ್ಪಾಗಿರುವುದು ಇಲ್ಲಿಯೇ. ಕಲಮಿನ ಪದಗಳನ್ನು ಅಕ್ಷರಶಃ ಓದಿದರೆ ಮಾರಿದವರು ಆಸ್ತಿಯನ್ನು ಹೊಂದಿದ ಮೊದಲ ವರ್ಷ ಎಂಬ ಅರ್ಥ ಬರುತ್ತದೆ ನಿಜ. ಆದರೆ ದಾನವಾಗಿ ಬಂದ ಆಸ್ತಿಯೊಂದರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2011ರಲ್ಲಿ, ಹಿಂದಿನ ಮಾಲೀಕರು ಆಸ್ತಿ ಹೊಂದಿದ್ದ ಮೊದಲ ವರ್ಷದಿಂದಲೇ ಸೂಚ್ಯಂಕ ಹಿಡಿಯಬೇಕೆಂದು ತೀರ್ಪು ನೀಡಿತು. ಅವಧಿಗೂ ಬೆಲೆಗೂ ಹಿಂದಿನ ಮಾಲೀಕರನ್ನು ನೋಡಿ, ಸೂಚ್ಯಂಕಕ್ಕೆ ಮಾತ್ರ ನೋಡದಿರುವುದು ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲ ಎಂಬುದು ಅದರ ತಿರುಳು. ಅದರಂತೆ ಆಧಾರ ಸೂಚ್ಯಂಕ 2001-02ರ 100. ಆಗ 14 ಲಕ್ಷವು 52.64 ಲಕ್ಷವಾಗುತ್ತದೆ. ಲಾಭ 27.06 ಲಕ್ಷಕ್ಕೆ ಇಳಿದು, ಶೇ 20ರ ತೆರಿಗೆ 5,41,200 ರೂ. ಆಗುತ್ತದೆ. ಉಳಿತಾಯ 3,22,550 ರೂ.

ತೆರಿಗೆ ಅಧಿಕಾರಿ ಪ್ರಶ್ನಿಸಿದರೆ ಉತ್ತರಿಸಲು ತಂದೆಯ ಕ್ರಯಪತ್ರ, ಮರಣ ಪ್ರಮಾಣಪತ್ರ ಮತ್ತು ಖಾತಾ ಬದಲಾವಣೆಯ ಆದೇಶ ಕೈಯಲ್ಲಿರಬೇಕು. ಕೋಣೆ ಕಟ್ಟಿಸಿದ ವೆಚ್ಚಕ್ಕೆ ಬಿಲ್ಲುಗಳೂ ಬ್ಯಾಂಕಿನ ಪಾವತಿ ವಿವರವೂ ಬೇಕು. ಸುಣ್ಣಬಣ್ಣದಂಥ ಮಾಮೂಲು ದುರಸ್ತಿಯ ಖರ್ಚು ಇದರಲ್ಲಿ ಸೇರದು.

ವಿನಾಯಿತಿ

ಕೊನೆಗೆ ವಿನಾಯಿತಿಯ ಸಾಲು. ಮಾರಿದ್ದು ವಾಸದ ಮನೆಯಾದ್ದರಿಂದ ಇಲ್ಲಿ ಅನ್ವಯಿಸುವುದು ಕಲಂ 54. ಹೊಸ ಮನೆಗೆ ತೊಡಗಿಸಿದ ಮೊತ್ತ ಅಥವಾ ಲಾಭ, ಇವೆರಡರಲ್ಲಿ ಕಡಿಮೆಯಾದಷ್ಟಕ್ಕೆ ವಿನಾಯಿತಿ. ಮಾರಿದ್ದು ಖಾಲಿ ನಿವೇಶನವಾಗಿದ್ದರೆ ಕಲಂ 54ಎಫ್ ಅನ್ವಯಿಸುತ್ತಿತ್ತು. ಅಲ್ಲಿ ಪೂರ್ಣ ವಿನಾಯಿತಿಗೆ ಲಾಭವಷ್ಟೇ ಸಾಲದು, ಮಾರಾಟದ ನಿವ್ವಳ ಹಣವೆಲ್ಲ ತೊಡಗಬೇಕು.

ಮನೆ ಕೊಳ್ಳುವುದಾದರೆ ಮಾರಾಟಕ್ಕೆ ಒಂದು ವರ್ಷ ಮುಂಚೆ ಅಥವಾ ನಂತರ ಎರಡು ವರ್ಷದೊಳಗೆ, ಕಟ್ಟಿಸುವುದಾದರೆ ಮೂರು ವರ್ಷದೊಳಗೆ ಆಗಬೇಕು. ಅಷ್ಟರವರೆಗೆ ಬಳಕೆಯಾಗದ ಹಣವನ್ನು ಆದಾಯ ವಿವರ ಸಲ್ಲಿಸುವ ಗಡುವಿನೊಳಗೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಉಳಿತಾಯ ಖಾತೆಯಲ್ಲಿಯೋ ಸಾಮಾನ್ಯ ನಿಶ್ಚಿತ ಠೇವಣಿಯಲ್ಲಿಯೋ ಇಟ್ಟರೆ ಈ ಷರತ್ತು ಪೂರೈಸಿದಂತಾಗದು.

ಮನೆ ಬೇಡವೆನ್ನುವವರಿಗೆ ಕಲಂ 54ಇಸಿ ಬಾಂಡುಗಳಿವೆ. ಮಿತಿ 50 ಲಕ್ಷ ರೂ., ಅವಧಿ ಐದು ವರ್ಷ. ಇವುಗಳ ಗಡುವು ಮಾರಾಟದ ದಿನದಿಂದ ಆರು ತಿಂಗಳು ಮಾತ್ರ. ನಮ್ಮ ಉದಾಹರಣೆಯಲ್ಲಿ 2026ರ ಮೇ 13ರೊಳಗೆ ಕೊಂಡರೆ ಸುರಕ್ಷಿತ. ಆದಾಯ ವಿವರ ಸಲ್ಲಿಸಲು ಜುಲೈವರೆಗೆ ಸಮಯವಿದೆಯೆಂದು ಜೂನ್‌ನಲ್ಲಿ ಕೊಂಡ ಬಾಂಡಿಗೆ ವಿನಾಯಿತಿ ಸಿಗುವುದಿಲ್ಲ. ಹಣವನ್ನು ಬಂಡವಾಳ ಲಾಭ ಖಾತೆಯಲ್ಲಿ ಇಟ್ಟಿದ್ದೇವೆಂಬ ಕಾರಣಕ್ಕೆ ಬಾಂಡಿನ ಗಡುವು ಮುಂದಕ್ಕೆ ಹೋಗುವುದೂ ಇಲ್ಲ. ಆದಕಾರಣ ಪಟ್ಟಿಯಲ್ಲಿ ವಿನಾಯಿತಿಯ ಮೊತ್ತದ ಪಕ್ಕದಲ್ಲಿ ಹಣ ತೊಡಗಿಸಿದ ದಿನಾಂಕವನ್ನೂ ಬರೆಸಿಕೊಂಡು, ಅದನ್ನು ಮಾರಾಟದ ದಿನಾಂಕದೊಂದಿಗೆ ತಾಳೆ ನೋಡಿದ ಮೇಲೆಯೇ ಸಹಿ ಹಾಕುವುದು ಒಳಿತು.