ಮುಚ್ಚಳದೊಳಗಿನ ಎರಡು ಕಾವಲು: ಉರುಳೆ ಸೆಲ್‌ನ ಒತ್ತಡ ರಕ್ಷಣೆಯ ಚರಿತ್ರೆ

ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿದರೆ ಒಳಗೆ ಸಿಗುವ ಬೆರಳುದ್ದದ ಉರುಳೆಯಾಕಾರದ ಸೆಲ್ಲಿಗೆ 18650 ಎಂದು ಹೆಸರು. ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಇದರ ಧನ ತುದಿಯ ಮುಚ್ಚಳದೊಳಗೆ ತೆಳುವಾದ ಅಲ್ಯೂಮಿನಿಯಂ ಬಿಲ್ಲೆಯೊಂದು ಒಳಮುಖವಾಗಿ ಬಾಗಿ ಕುಳಿತಿರುತ್ತದೆ. ಅದರ ನಡುಭಾಗವನ್ನು ಕೆಳಗಿನ ತೂತುಗಳಿರುವ ಇನ್ನೊಂದು ಬಿಲ್ಲೆಗೆ ಒಂದೇ ಚುಕ್ಕೆಯಷ್ಟು ಬೆಸುಗೆ ಹಾಕಿರುತ್ತಾರೆ. ಸೆಲ್ಲಿನ ಇಡೀ ವಿದ್ಯುತ್ತು ಆ ಚುಕ್ಕೆಯ ಮೂಲಕವೇ ಹರಿಯಬೇಕು. ಒಳಗೆ ಅನಿಲ ತುಂಬಿ ಒತ್ತಡವು ವಾತಾವರಣದ ಒತ್ತಡದ ಸುಮಾರು ಹತ್ತು ಪಟ್ಟಿಗೆ ಏರಿದಾಗ ಮೇಲಿನ ಬಿಲ್ಲೆ ಹೊರಮುಖವಾಗಿ ಚಿಮ್ಮುತ್ತದೆ, ಬೆಸುಗೆ ಹರಿದು ವಿದ್ಯುತ್ತು ನಿಲ್ಲುತ್ತದೆ. ಇದೇ ವಿದ್ಯುತ್ ಕಡಿತ ಸಾಧನ, ಕಸುಬಿನವರ ಮಾತಿನಲ್ಲಿ ಸಿಐಡಿ. ಒತ್ತಡ ಇನ್ನೂ ಏರಿ ಸುಮಾರು ಇಪ್ಪತ್ತು ಪಟ್ಟಾದರೆ ಅದೇ ಬಿಲ್ಲೆಯಲ್ಲಿ ಮೊದಲೇ ಕೊರೆದಿಟ್ಟ ಗೆರೆ ಬಿರಿದು ಅನಿಲ ಹೊರಬೀಳುತ್ತದೆ. ಅದು ವೆಂಟ್.

ಅನಿಲಕ್ಕೆ ದಾರಿ ಬಿಡುವ ಆಲೋಚನೆ ಲಿಥಿಯಂಗಿಂತ ಹಳೆಯದು. ನಿಕ್ಕಲ್-ಕ್ಯಾಡ್ಮಿಯಂ ಸೆಲ್‌ಗಳಲ್ಲಿ ಕುಕ್ಕರಿನ ವಿಷಲ್‌ನಂತೆ ತೆರೆದು ಮತ್ತೆ ಮುಚ್ಚಿಕೊಳ್ಳುವ ಕವಾಟವಿತ್ತು. ಲಿಥಿಯಂ ಸೆಲ್ಲಿಗೆ ಅದು ಒಗ್ಗಲಿಲ್ಲ. ಒಳಗಿನ ದ್ರಾವಣ ಗಾಳಿಯ ತೇವವನ್ನೂ ತಾಳದು, ಆದ್ದರಿಂದ ಒಮ್ಮೆ ತೆರೆದ ಸೆಲ್ ಅಲ್ಲಿಗೇ ಮುಗಿಯಬೇಕು.

1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದಾಗ ಅದರ ಎಂಜಿನಿಯರುಗಳ ಮುಂದೆ ಒಂದು ತೊಡಕಿತ್ತು. ಅತಿಯಾಗಿ ಚಾರ್ಜ್ ಆದ ಸೆಲ್ಲಿನಲ್ಲಿ ಅನಿಲ ಹುಟ್ಟುವುದು ನಿಜ, ಆದರೆ ಅದು ಸಾಲುವಷ್ಟು ಬೇಗ ಹುಟ್ಟದಿದ್ದರೆ ಸಿಐಡಿ ಕೆಲಸ ಮಾಡುವ ಮೊದಲೇ ಸೆಲ್ ಕಾದುಬಿಡುತ್ತದೆ. ಯೋಶಿಯೋ ನಿಶಿ ಅವರ ತಂಡ ಕಂಡುಕೊಂಡ ಉಪಾಯ ಚೆಲುವಾದದ್ದು. ಧನಫಲಕದ ಕೋಬಾಲ್ಟ್ ಆಕ್ಸೈಡಿನಲ್ಲಿ ಅವರು ಸ್ವಲ್ಪ ಲಿಥಿಯಂ ಕಾರ್ಬೊನೇಟ್ ಬೆರೆಸಿದರು. ಸಾಮಾನ್ಯ ಚಾರ್ಜಿಂಗ್‌ನಲ್ಲಿ, ಅಂದರೆ 4.2 ವೋಲ್ಟಿನವರೆಗೆ, ಅದು ಸುಮ್ಮನಿರುತ್ತದೆ. ವೋಲ್ಟೇಜು 4.8ರ ಆಸುಪಾಸಿಗೆ ಹೋದಾಗ ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಬೆಂಕಿ ಹತ್ತದ ಈ ಅನಿಲವೇ ಮುಂಚಿತವಾಗಿ ಬಿಲ್ಲೆಯನ್ನು ತಳ್ಳಿ ಚಾರ್ಜನ್ನು ನಿಲ್ಲಿಸುತ್ತದೆ. ಅನಿಲವೇ ಅಪಾಯ ಎಂದುಕೊಂಡಿದ್ದಲ್ಲಿ ಅನಿಲವನ್ನೇ ಎಚ್ಚರಿಕೆಗೆ ಬಳಸಿದ್ದು ಈ ಚರಿತ್ರೆಯ ಅತ್ಯಂತ ಜಾಣ ಹೆಜ್ಜೆ.

ಸಿಐಡಿ ಕಡಿದ ಸೆಲ್ಲನ್ನು ಗುರುತಿಸುವುದು ಹೇಗೆ? ಮಲ್ಟಿಮೀಟರ್ ಇಟ್ಟರೆ ಮುಳ್ಳು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ ಅಥವಾ ಅಂಕಿ ನಿಲ್ಲದೆ ತೇಲುತ್ತದೆ. ಹೊರಗಿನಿಂದ ಊತವಿಲ್ಲ, ಸೋರಿಕೆಯಿಲ್ಲ. ಕೋವಾಡ, ಗಡಹಿಂಗ್ಲಜ, ಇಚಲಕರಂಜಿಯ ರಿಪೇರಿ ಅಂಗಡಿಯ ಮೇಜಿಗೆ ಇಂಥ ಸೆಲ್ ಬಂದರೆ ಸತ್ತಿದೆ ಎಂದೇ ತೋರುತ್ತದೆ. ಆದರೆ ಒಳಗಿನ ಚಾರ್ಜ್ ಹಾಗೆಯೇ ಇರುತ್ತದೆ, ಬಹುಶಃ ಮಿತಿಗಿಂತ ಹೆಚ್ಚೇ ಇರುತ್ತದೆ. ಮುಚ್ಚಳದ ತೂತಿನಿಂದ ಕಡ್ಡಿ ತೂರಿಸಿ ಬಿಲ್ಲೆಯನ್ನು ಮತ್ತೆ ಒತ್ತಿ ಕೂರಿಸುವವರು ಇಂಥ ಸೆಲ್ಲನ್ನೇ ಸಿಐಡಿಯ ಕಾವಲಿಲ್ಲದೆ ಮರಳಿ ಜೋಡಿಸುತ್ತಾರೆ.

ಒಂದೇ ಸೆಲ್ಲಿಗೆಂದು ಮಾಡಿದ ಈ ಸಾಧನ ಪ್ಯಾಕಿನೊಳಗೆ ಹೋದಾಗ ಲೆಕ್ಕ ಬದಲಾಯಿತು. ನಾಸಾದ ಜಾನ್ಸನ್ ಕೇಂದ್ರದಲ್ಲಿ ಜುಡಿತ್ ಜೀವರಾಜನ್ ನಡೆಸಿದ ಪರೀಕ್ಷೆಗಳು ಇದನ್ನು ಎತ್ತಿ ತೋರಿಸಿದವು. ಹದಿನಾಲ್ಕು ಸೆಲ್‌ಗಳು ಸಾಲಾಗಿರುವ ಸ್ಕೂಟರ್ ಪ್ಯಾಕನ್ನು ತೆಗೆದುಕೊಳ್ಳಿ. ಪೂರ್ತಿ ಚಾರ್ಜ್ ಆದಾಗ 58.8 ವೋಲ್ಟ್. ಒಂದು ಸೆಲ್ಲಿನ ಬೆಸುಗೆ ಹರಿದಾಗ ಆ ಕೂದಲೆಳೆಯ ಸಂದಿಯ ಎರಡು ಬದಿಗೆ ಬೀಳುವುದು 4 ವೋಲ್ಟ್ ಅಲ್ಲ, ಹೆಚ್ಚುಕಡಿಮೆ ಇಡೀ ಸಾಲಿನ ವೋಲ್ಟೇಜು. ಅಲ್ಲಿ ಕಿಡಿ ಹಾರಬಹುದು, ಸುತ್ತಲಿರುವುದು ಉರಿಯುವ ದ್ರಾವಣದ ಆವಿ. ಪಕ್ಕಪಕ್ಕ ಜೋಡಿಸಿದ ಸೆಲ್‌ಗಳಲ್ಲಿ ತೊಂದರೆ ಬೇರೆ ಬಗೆಯದು. ನಾಲ್ಕು ಸೆಲ್‌ಗಳು 12 ಆಂಪಿಯರ್ ಹಂಚಿಕೊಂಡಿದ್ದಾಗ ಒಂದು ಕಡಿದುಕೊಂಡರೆ ಉಳಿದ ಮೂರಕ್ಕೆ 3ರ ಬದಲು 4 ಆಂಪಿಯರ್ ಹೊರೆ. ಬ್ಯಾಟರಿ ನಿಗಾ ವ್ಯವಸ್ಥೆ ನೋಡುವುದು ಗುಂಪಿನ ವೋಲ್ಟೇಜನ್ನು ಮಾತ್ರ, ಕಳೆದುಹೋದ ಸೆಲ್ ಅದರ ಕಣ್ಣಿಗೆ ಬೀಳದು. ಆ ಗುಂಪು ಚಾರ್ಜಿಂಗ್‌ನಲ್ಲಿ ಎಲ್ಲಕ್ಕಿಂತ ಮೊದಲು ತುಂಬಿ, ಓಡಿಸುವಾಗ ಎಲ್ಲಕ್ಕಿಂತ ಮೊದಲು ಕುಸಿಯುವುದೊಂದೇ ಸುಳಿವು.

ಸೆಲ್ಲಿನೊಳಗೇ ಶಾರ್ಟ್ ಆದಾಗ ಸಿಐಡಿ ಕಡಿದರೂ ಪ್ರಯೋಜನವಿಲ್ಲ, ಏಕೆಂದರೆ ಆ ವಿದ್ಯುತ್ತು ಮುಚ್ಚಳದ ಮೂಲಕ ಹರಿಯುವುದೇ ಇಲ್ಲ. ಆಗ ಉಳಿಯುವುದು ವೆಂಟ್ ಒಂದೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೊನಲ್ ಫಿನೆಗನ್ ಮತ್ತು ಸಂಗಡಿಗರು ಹೊತ್ತಿ ಉರಿಯುವ 18650 ಸೆಲ್ಲಿನ ಒಳಗನ್ನು ವೇಗದ ಎಕ್ಸ್-ರೇಯಲ್ಲಿ ಸೆರೆಹಿಡಿದು 2015ರಲ್ಲಿ ಪ್ರಕಟಿಸಿದರು. ಒಳಗಿನ ತಾಮ್ರ ಕರಗಿ ಉಂಡೆಗಟ್ಟಿತ್ತು, ಅಂದರೆ ತಾಪಮಾನ 1,085 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಸುರುಳಿಯ ನಡುವೆ ಆಧಾರದ ಕೊಳವೆಯಿದ್ದ ಸೆಲ್ಲಿನ ಒಳಭಾಗ ಗಟ್ಟಿಯಾಗಿ ನಿಂತಿತು, ಅದಿಲ್ಲದ ಸೆಲ್ಲಿನ ಸುರುಳಿ ಕುಸಿಯಿತು. ಕುಸಿದ ಸುರುಳಿ ಅನಿಲದ ದಾರಿಗೆ ಅಡ್ಡ ಬಂದರೆ ವೆಂಟ್ ಸರಿಯಾಗಿ ತೆರೆದರೂ ಒತ್ತಡ ಇಳಿಯುವುದಿಲ್ಲ.

2022ರ ಮಾರ್ಚ್ 26ರಂದು ಪುಣೆಯಲ್ಲಿ ಬೆಂಗಳೂರಿನ ಕಂಪನಿಯೊಂದರ ಎಲೆಕ್ಟ್ರಿಕ್ ಸ್ಕೂಟರ್ ಹೊತ್ತಿಕೊಂಡಿತು. ಬೇರೆ ತಯಾರಕರ ಸ್ಕೂಟರುಗಳೂ ಅದೇ ಬೇಸಿಗೆಯಲ್ಲಿ ಬೇರೆ ಕಡೆ ಸುಟ್ಟವು. ಕೇಂದ್ರ ಸರ್ಕಾರ ನೇಮಿಸಿದ ಪರಿಣತರ ಸಮಿತಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಅದರ ಶಿಫಾರಸಿನ ಮೇಲೆ ತಿದ್ದಿದ ಎಐಎಸ್-156 ಮಾನದಂಡ 2022ರ ಡಿಸೆಂಬರ್ 1ರಿಂದ ಹಂತಹಂತವಾಗಿ ಜಾರಿಗೆ ಬಂತು. ಸೆಲ್‌ಗಳ ನಡುವೆ ಸಾಕಷ್ಟು ಅಂತರ, ಹೆಚ್ಚುವರಿ ತಾಪಮಾನ ಸಂವೇದಕಗಳು, ಒಳಗಿನ ಅನಿಲ ಹೊರಹೋಗಲು ಪ್ಯಾಕಿನ ಪೆಟ್ಟಿಗೆಗೇ ಒಂದು ವೆಂಟ್: ಒಂಟಿ ಸೆಲ್ಲಿನ ಮುಚ್ಚಳಕ್ಕೆ ವಹಿಸಿದ್ದ ಹೊಣೆಯಲ್ಲಿ ಬಹುಪಾಲು ಹೀಗೆ ಅದರ ಹೊರಗಿನ ಪೆಟ್ಟಿಗೆಯ ಮೇಲೆ ಬಿತ್ತು.