ಇ-ಸ್ಕೂಟರ್ ಟೈರಿಗೆ ಗಾಳಿ ಜಾಸ್ತಿ ತುಂಬಿದರೆ ರೇಂಜ್ ಹೆಚ್ಚುತ್ತದೆಯೇ?

"ಟೈರ್ ಮೇಲೆ ಬರೆದಿರುವ ಮ್ಯಾಕ್ಸ್ ಅಂಕಿಯಷ್ಟು ಗಾಳಿ ಹಾಕಿಸಿ, ಚಾರ್ಜ್ ಹೆಚ್ಚು ದಿನ ಬರುತ್ತದೆ" ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ, ಆದರೆ ಲಾಭಕ್ಕಿಂತ ಅಪಾಯವೇ ಜಾಸ್ತಿ.

ಟೈರ್ ಉರುಳುವಾಗ ನೆಲಕ್ಕೆ ತಾಗುವ ಭಾಗ ಚಪ್ಪಟೆಯಾಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಹೀಗೆ ರಬ್ಬರ್ ಬಾಗುವಾಗ ಬ್ಯಾಟರಿಯ ಶಕ್ತಿ ಬಿಸಿಯಾಗಿ ನಷ್ಟವಾಗುತ್ತದೆ. ಗಾಳಿ ಕಡಿಮೆಯಿದ್ದರೆ ಬಾಗುವುದೂ ಹೆಚ್ಚು, ನಷ್ಟವೂ ಹೆಚ್ಚು.

ಒಂದು ಅಂದಾಜು ಲೆಕ್ಕ ನೋಡೋಣ. ಬ್ಯಾಟರಿಯಲ್ಲಿ ಬಳಕೆಗೆ 2,400 ವಾಟ್-ಅವರ್ ಸಿಗುತ್ತದೆ, ಕಿಲೋಮೀಟರಿಗೆ 30 ಖರ್ಚಾಗುತ್ತದೆ ಎಂದುಕೊಳ್ಳಿ. ಆಗ ರೇಂಜ್ 80 ಕಿ.ಮೀ. ಆ 30ರಲ್ಲಿ ಟೈರಿನ ಪಾಲು ಸುಮಾರು 10. ಕಂಪನಿ ಹೇಳಿದ್ದು 30 ಪಿಎಸ್‌ಐ ಇದ್ದು, ಟೈರಿನಲ್ಲಿ 21 ಮಾತ್ರ ಇದ್ದರೆ ಆ ಪಾಲು 12ರ ಆಸುಪಾಸಿಗೆ ಏರಬಹುದು. ರೇಂಜ್ 75 ಕಿ.ಮೀ.ಗೆ ಇಳಿಯುತ್ತದೆ. ಅದೇ 40 ಪಿಎಸ್‌ಐ ತುಂಬಿಸಿದರೆ, ನುಣುಪಾದ ರಸ್ತೆಯಲ್ಲಿ ಸಿಗುವ ಲಾಭ ಸುಮಾರು 3 ಕಿ.ಮೀ. ಅಷ್ಟೇ. ಗುಂಡಿ, ಜಲ್ಲಿ ರಸ್ತೆಯಲ್ಲಿ ಗಾಡಿ ಕುಪ್ಪಳಿಸುವುದರಲ್ಲೇ ಶಕ್ತಿ ಹೋಗುವುದರಿಂದ ಅದೂ ಉಳಿಯುವುದಿಲ್ಲ.

ಆ ಮೂರು ಕಿಲೋಮೀಟರಿಗೆ ತೆರುವ ಬೆಲೆ ದೊಡ್ಡದು. ಬಿಗಿಯಾದ ಟೈರ್ ಗುಂಡಿಯ ಏಟನ್ನು ನೇರ ಸೊಂಟಕ್ಕೆ ದಾಟಿಸುತ್ತದೆ. ರಸ್ತೆಗೆ ತಾಗುವ ಭಾಗ ಚಿಕ್ಕದಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪಬಹುದು. ಟೈರಿನ ನಡುಭಾಗ ಬೇಗ ಸವೆಯುತ್ತದೆ. ಚೂಪು ಕಲ್ಲು ತಾಗಿದಾಗ ಬಗ್ಗದೆ ಸೀಳುವ ಸಾಧ್ಯತೆಯೂ ಹೆಚ್ಚು.

ಹಾಗೆಂದು ಮೆತ್ತಗೆ ಇರಲಿ ಎಂದು ಗಾಳಿ ಇಳಿಸಬೇಡಿ. ಟ್ಯೂಬ್ ಇರುವ ಇ-ಸೈಕಲ್‌ನಲ್ಲಿ ಗುಂಡಿಗೆ ಬಿದ್ದ ಕ್ಷಣ ಟ್ಯೂಬ್ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ತೆಗೆದಾಗ ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಕಂಡರೆ, ಕಾರಣ ಮೊಳೆಯಲ್ಲ, ಹೆಚ್ಚಾಗಿ ಕಡಿಮೆ ಗಾಳಿ. ಟ್ಯೂಬ್‌ಲೆಸ್ ಸ್ಕೂಟರಿನಲ್ಲಾದರೆ ರಿಮ್ ಬೆಂಡಾಗಬಹುದು.

ಹಾಗಾದರೆ ಎಷ್ಟು ಹಾಕಿಸಬೇಕು? ಟೈರ್ ಮೇಲಿನ ಮ್ಯಾಕ್ಸ್ ಅಂಕಿ ಆ ಟೈರಿನ ಗರಿಷ್ಠ ಮಿತಿ, ನಿಮ್ಮ ಗಾಡಿಗೆ ಹೇಳಿದ ಅಳತೆಯಲ್ಲ. ಸ್ಕೂಟರಿನ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಕ್ಕೆ ಬೇರೆ ಬೇರೆ ಅಂಕಿ ಇರುತ್ತದೆ. ಹಿಂದೆ ಒಬ್ಬರು ಕೂರುವುದಾದರೆ ಎಷ್ಟಿರಬೇಕು ಎಂಬುದನ್ನೂ ಅಲ್ಲೇ ನೋಡಿ.

ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಗಾಡಿ ಓಡಿಸುವ ಮೊದಲು ಅಳೆಯಿರಿ. ಓಡಿ ಬಿಸಿಯಾದ ಟೈರಿನಲ್ಲಿ ಅಂಕಿ ಕೆಲವು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಕಡಿಮೆಯಾಗಿರುತ್ತದೆ.