ಮುಖವರ್ಣನೆ ಮತ್ತು ನಾಮನಿರ್ದೇಶ

ಸಭೆಯೊಂದರಲ್ಲಿ ತೆಗೆದ ಭಾವಚಿತ್ರವನ್ನು ಇಂದಿನ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗೆ ಒಪ್ಪಿಸಿ, ಇದರಲ್ಲಿ ಕಾಣುವುದೇನೆಂದು ಕೇಳಿದರೆ, ಮಧ್ಯದಲ್ಲಿ ನಿಂತವರು ನಡುವಯಸ್ಸಿನವರೆಂದೂ, ದುಂಡು ಚೌಕಟ್ಟಿನ ಕನ್ನಡಕವನ್ನೂ ಬಿಳಿಯ ಜುಬ್ಬವನ್ನೂ ಧರಿಸಿರುವರೆಂದೂ, ಮೀಸೆ ನರೆತಿದೆಯೆಂದೂ ಅದು ನಿಸ್ಸಂಕೋಚವಾಗಿ ಹೇಳುತ್ತದೆ. ಅವರಾರೆಂದು ಕೇಳಿದೊಡನೆ ಮಾತ್ರ, ಮುಖವನ್ನು ನೋಡಿ ವ್ಯಕ್ತಿಯ ಹೆಸರನ್ನು ತಿಳಿಸುವುದಿಲ್ಲವೆಂದು ನಯವಾಗಿ ನಿರಾಕರಿಸುತ್ತದೆ. ಇಷ್ಟೆಲ್ಲ ಕಾಣಬಲ್ಲ ಯಂತ್ರಕ್ಕೆ ಹೆಸರೊಂದು ತಿಳಿಯದೆ ಹೋಯಿತೇ ಎಂದು ಕೆಲವರು ನಗುವುದುಂಟು. ತಿಳಿಯದೆ ಹೋದದ್ದೇ ಕಾರಣವಲ್ಲ, ತಿಳಿದಿದ್ದರೂ ಹೇಳದಂತೆ ಅದನ್ನು ತಿದ್ದಲಾಗಿದೆ. ಈ ತಿದ್ದುಪಡಿಯ ಹಿಂದೆ ಸುಮಾರು ಆರು ದಶಕಗಳ ಚರಿತ್ರೆಯಿದೆ.

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ನಗರದಲ್ಲಿ ವುಡಿ ಬ್ಲೆಡ್ಸೋ ಎಂಬ ಗಣಿತಜ್ಞನು ಗಣಕಯಂತ್ರಕ್ಕೆ ಮುಖಗಳನ್ನು ಪರಿಚಯಿಸಲು ಯತ್ನಿಸಿದಾಗ, ಕಣ್ಣಿನ ಮೂಲೆಗಳು, ಮೂಗಿನ ತುದಿ, ಬಾಯಿಯ ಅಂಚುಗಳು ಮುಂತಾದ ಸ್ಥಾನಗಳನ್ನು ಮನುಷ್ಯನೇ ಲೇಖನಿಯಂತಹ ಸಾಧನವೊಂದರಿಂದ ಒಂದೊಂದಾಗಿ ಗುರುತು ಮಾಡಿಕೊಡಬೇಕಾಗಿತ್ತು. ಯಂತ್ರವು ಆ ಬಿಂದುಗಳ ನಡುವಣ ಇಪ್ಪತ್ತರಷ್ಟು ಅಂತರಗಳನ್ನು ಲೆಕ್ಕಹಾಕಿ, ತನ್ನಲ್ಲಿದ್ದ ದಾಖಲೆಗಳೊಡನೆ ಹೋಲಿಸುತ್ತಿತ್ತು. ಮುಖದ ಅಳತೆಯೇ ಒಂದು ಕಾರ್ಯ, ಆ ಅಳತೆಗೆ ಹೆಸರನ್ನು ಹುಡುಕುವುದೇ ಇನ್ನೊಂದು ಕಾರ್ಯ ಎಂಬುದು ಆ ಒರಟು ಪ್ರಯೋಗದಲ್ಲಿಯೇ ಸ್ಪಷ್ಟವಾಗಿತ್ತು. ಹೆಸರು ಮುಖದಲ್ಲಿ ಬರೆದಿರುವುದಿಲ್ಲ. ಅದು ಪಕ್ಕದ ಪಟ್ಟಿಯಿಂದ ಬರಬೇಕು.

ಅಳೆಯುವ ವಿಧಾನವು ಮುಂದೆ ಪೂರ್ತಿಯಾಗಿ ಬದಲಾಯಿತು. 2015ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಫೇಸ್‌ನೆಟ್ ಎಂಬ ಜಾಲವು ಪ್ರತಿಯೊಂದು ಮುಖವನ್ನೂ 128 ಸಂಖ್ಯೆಗಳ ಸರಣಿಯನ್ನಾಗಿ ಮಾರ್ಪಡಿಸುತ್ತಿತ್ತು. ಒಬ್ಬನೇ ವ್ಯಕ್ತಿಯ ಎರಡು ಚಿತ್ರಗಳ ಸರಣಿಗಳು ಹತ್ತಿರವಾಗಿಯೂ, ಬೇರೆ ಬೇರೆಯವರವು ದೂರವಾಗಿಯೂ ಇರುವಂತೆ ಅದಕ್ಕೆ ತರಬೇತಿ ಕೊಡಲಾಗಿತ್ತು. ನಿಮ್ಮ ಫೋನು ನಿಮ್ಮ ಮುಖವನ್ನು ಕಂಡು ತೆರೆದುಕೊಳ್ಳುವಾಗ, ಇಂತಹ ಸರಣಿಯೊಂದು ಅದರಲ್ಲಿ ಮೊದಲೇ ಇರುವ ಒಂದೇ ಒಂದು ಸರಣಿಗೆ ಹತ್ತಿರವಿದೆಯೇ ಎಂಬುದಷ್ಟೇ ಪ್ರಶ್ನೆ. ಅದೇ ಸರಣಿಯನ್ನು ಹತ್ತು ಲಕ್ಷ ಜನರ ಸಂಗ್ರಹದಲ್ಲಿ ಹುಡುಕುವುದಾದರೆ, ಯಂತ್ರವು ಲಕ್ಷಕ್ಕೊಂದು ಸಲ ಮಾತ್ರ ತಪ್ಪಿ ಹೊಂದಿಸುವುದೆಂದು ಇಟ್ಟುಕೊಂಡರೂ, ಒಂದೊಂದು ಹುಡುಕಾಟದಲ್ಲಿ ಸರಾಸರಿ ಹತ್ತು ಮಂದಿ ನಿರಪರಾಧಿಗಳು ಸಂಬಂಧವಿಲ್ಲದೆ ಎದ್ದುಬರುತ್ತಾರೆ. ಹುಡುಕುವ ಮನುಷ್ಯನು ಸಂಗ್ರಹದಲ್ಲಿ ಇಲ್ಲವೇ ಇಲ್ಲದಿದ್ದರೂ ಆ ಹತ್ತು ಮಂದಿ ಬರುವುದು ತಪ್ಪುವುದಿಲ್ಲ.

ಇದು ಬರಿಯ ಲೆಕ್ಕವಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಅಂಗಡಿಯೊಂದರಲ್ಲಿ 2018ರಲ್ಲಿ ಕೈಗಡಿಯಾರಗಳು ಕಳುವಾದವು. ಕಾವಲು ಕ್ಯಾಮೆರಾದ ಮಸುಕಾದ ಚಿತ್ರವನ್ನು ವಾಹನಚಾಲನಾ ಪರವಾನಗಿಗಳ ಸಂಗ್ರಹದಲ್ಲಿ ಹುಡುಕಿಸಿದಾಗ ಯಂತ್ರವು ಸೂಚಿಸಿದ ಒಬ್ಬನನ್ನು, 2020ರ ಜನವರಿಯಲ್ಲಿ ಪೊಲೀಸರು ಅವನ ಮನೆಯ ಮುಂದೆ, ಹೆಂಡತಿ ಮಕ್ಕಳ ಕಣ್ಣೆದುರಿನಲ್ಲಿಯೇ ಬಂಧಿಸಿದರು. ವಿಚಾರಣೆಯ ಕೊಠಡಿಯಲ್ಲಿ ಆತನು ಆ ಚಿತ್ರವನ್ನು ಎತ್ತಿ ತನ್ನ ಮುಖದ ಪಕ್ಕದಲ್ಲಿ ಹಿಡಿದನು. ಅದು ತಾನಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವೇನೂ ಬೇಕಿರಲಿಲ್ಲ. ಆದರೂ ಸುಮಾರು 30 ಗಂಟೆಗಳ ಕಾಲ ಆತನು ಸೆರೆಯಲ್ಲಿರಬೇಕಾಯಿತು. ಯಂತ್ರದ ಊಹೆಯು ಹೆಸರಿನ ರೂಪವನ್ನು ತಾಳಿದೊಡನೆ, ಅದನ್ನು ಊಹೆಯೆಂದು ಕಾಣುವ ತಾಳ್ಮೆಯು ಓದುವವರಲ್ಲಿ ಉಳಿಯುವುದಿಲ್ಲವೆಂದು ನನಗೆ ತೋರುತ್ತದೆ.

ತಪ್ಪಿನ ಭಯ ಹೀಗಾದರೆ, ಸರಿಯಾಗಿ ಗುರುತಿಸುವುದರ ಭಯವು ಇದಕ್ಕಿಂತ ಕಡಮೆಯದಲ್ಲ. ಇಂತಹ ಸಾಧನವನ್ನು ತಾವು ನಿರ್ಮಿಸಿಯೂ ಬಿಡುಗಡೆ ಮಾಡದೆ ತಡೆಹಿಡಿದಿರುವುದಾಗಿ ಗೂಗಲ್‌ನ ಎರಿಕ್ ಸ್ಮಿತ್ 2011ರಲ್ಲಿಯೇ ಹೇಳಿದ್ದರು. ಕ್ಲಿಯರ್‌ವ್ಯೂ ಎಂಬ ಸಣ್ಣ ಸಂಸ್ಥೆಗೆ ಆ ಸಂಕೋಚವಿರಲಿಲ್ಲ. ಅಂತರಜಾಲದಲ್ಲಿದ್ದ 300 ಕೋಟಿಗೂ ಹೆಚ್ಚು ಚಿತ್ರಗಳನ್ನು ಕೇಳದೆ ಬಾಚಿಕೊಂಡು, ಪೊಲೀಸರಿಗೆ ಹುಡುಕಾಟವನ್ನು ಮಾರುತ್ತಿತ್ತೆಂಬುದು 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಿಂದ ಬಯಲಾಯಿತು. ಬಸ್ಸಿನಲ್ಲಿ ಎದುರಿಗೆ ಕುಳಿತ ಹೆಣ್ಣುಮಗಳ ಹೆಸರು, ಊರು, ಉದ್ಯೋಗಗಳನ್ನು ಅಪರಿಚಿತನೊಬ್ಬನು ಕ್ಷಣಮಾತ್ರದಲ್ಲಿ ಅರಿಯಬಹುದಾದ ಸ್ಥಿತಿಯನ್ನು ಊಹಿಸಲು ಹೆಚ್ಚಿನ ಕಲ್ಪನಾಶಕ್ತಿಯೇನೂ ಬೇಕಾಗಿಲ್ಲ.

ವರ್ಣನೆಗೂ ಗುರುತಿಗೂ ಇರುವ ಭೇದವನ್ನು ಇದಕ್ಕೂ ಮೊದಲೇ ಕಾನೂನೊಂದು ಗ್ರಹಿಸಿತ್ತು. ಅಮೆರಿಕದ ಇಲಿನಾಯ್ ರಾಜ್ಯವು 2008ರಲ್ಲಿ ಮಾಡಿದ ಶಾಸನವು, ಮುಖದ ರೇಖಾಗಣಿತವನ್ನು ವ್ಯಕ್ತಿಯ ಜೈವಿಕ ಗುರುತೆಂದು ಪರಿಗಣಿಸಿ ಅದನ್ನು ಸಂಗ್ರಹಿಸಲು ಲಿಖಿತ ಸಮ್ಮತಿ ಬೇಕೆಂದು ವಿಧಿಸಿತು. ಎತ್ತರ, ತೂಕ, ಕೂದಲಿನ ಬಣ್ಣ, ಕಣ್ಣಿನ ಬಣ್ಣ ಮುಂತಾದ ದೇಹವರ್ಣನೆಯನ್ನು ಮಾತ್ರ ಹೆಸರು ಹೇಳಿಯೇ ಅದರಿಂದ ಹೊರಗಿಟ್ಟಿತು. ನರೆತ ಮೀಸೆ ಸಾವಿರಾರು ಜನರಿಗುಂಟು. 128 ಸಂಖ್ಯೆಗಳ ಆ ಸರಣಿಯು ಬಹುಮಟ್ಟಿಗೆ ಒಬ್ಬನಿಗೆ ಸೇರಿದ್ದು. ಈ ಶಾಸನದ ಅಡಿಯಲ್ಲಿ ಹೂಡಿದ ಮೊಕದ್ದಮೆಯಲ್ಲಿ 65 ಕೋಟಿ ಡಾಲರುಗಳನ್ನು ತೆರಲು ಒಪ್ಪಿದ ಫೇಸ್‌ಬುಕ್, 2021ರಲ್ಲಿ ತನ್ನ ಮುಖ ಗುರುತಿಸುವ ವ್ಯವಸ್ಥೆಯನ್ನೇ ನಿಲ್ಲಿಸಿತು.

ಅಲ್ಲಿಯವರೆಗೆ ಪಟ್ಟಿಯನ್ನು ತಡೆದರೆ ಹೆಸರನ್ನೂ ತಡೆದಂತಾಗುತ್ತಿತ್ತು. ಅದೇ 2021ರಲ್ಲಿ ಈ ನೆಮ್ಮದಿಯೂ ಹೋಯಿತು. ಓಪನ್‌ಎಐ ಸಂಸ್ಥೆಯು ಪ್ರಕಟಿಸಿದ ಕ್ಲಿಪ್ ಎಂಬ ವ್ಯವಸ್ಥೆಯು ಅಂತರಜಾಲದಿಂದ ತೆಗೆದ 40 ಕೋಟಿ ಚಿತ್ರಗಳನ್ನು, ಅವುಗಳ ಜೊತೆಗಿದ್ದ ಬರಹಗಳೊಡನೆ ಸೇರಿಸಿ ಕಲಿತಿತ್ತು. ಮುಖ ಗುರುತಿಸುವುದನ್ನು ಅದಕ್ಕೆ ಯಾರೂ ಪ್ರತ್ಯೇಕವಾಗಿ ಕಲಿಸಿರಲಿಲ್ಲ. ಆದರೂ ನೂರು ಹೆಸರುಗಳನ್ನು ಮುಂದಿಟ್ಟು, ಖ್ಯಾತನಾಮರ ಚಿತ್ರಗಳಿಗೆ ಸರಿಯಾದ ಹೆಸರನ್ನು ಆರಿಸೆಂದಾಗ ಶೇಕಡ 59ರಷ್ಟು ಸಲ ಅದು ಸರಿಯಾಗಿ ಆರಿಸಿತೆಂದು ಅದನ್ನು ರಚಿಸಿದವರೇ ವರದಿ ಮಾಡಿದರು. ಪತ್ರಿಕೆಗಳು ಚಿತ್ರದ ಕೆಳಗೆ ಅಚ್ಚುಹಾಕುವ ಹೆಸರುಗಳೇ ಇಲ್ಲಿ ಪಟ್ಟಿಯ ಕೆಲಸವನ್ನು ಮಾಡಿದ್ದವು. ಚಿತ್ರವನ್ನು ಕಂಡು ಮಾತನಾಡುವ ಇಂದಿನ ಯಂತ್ರಗಳು ಬಹುಮಟ್ಟಿಗೆ ಇಂತಹ ಶಿಕ್ಷಣದಿಂದಲೇ ಬೆಳೆದವು. ಬಣ್ಣಿಸುವ ವಿದ್ಯೆಯೂ ಹೆಸರಿಸುವ ವಿದ್ಯೆಯೂ ಅವುಗಳಲ್ಲಿ ಒಂದೇ ಜಾಲದೊಳಗೆ ಹೆಣೆದುಕೊಂಡಿರುವುದರಿಂದ, ಒಂದನ್ನು ಉಳಿಸಿ ಇನ್ನೊಂದನ್ನು ಕತ್ತರಿಸಿ ತೆಗೆಯಲಾಗದು. ಯಂತ್ರದ ನಡತೆಯನ್ನೇ ತಿದ್ದಬೇಕು.

2023ರಲ್ಲಿ ಜಿಪಿಟಿ-4ಕ್ಕೆ ದೃಷ್ಟಿಯನ್ನು ಕೊಟ್ಟಾಗ ನಡೆದದ್ದು ಇದೇ. ಅದರೊಡನೆ ಪ್ರಕಟವಾದ ದಾಖಲೆಯ ಪ್ರಕಾರ, ವ್ಯಕ್ತಿಯನ್ನು ಗುರುತಿಸೆಂಬ ಬೇಡಿಕೆಗಳಲ್ಲಿ ಶೇಕಡ 98ಕ್ಕೂ ಹೆಚ್ಚನ್ನು ನಿರಾಕರಿಸುವಂತೆ ಅದನ್ನು ಪಳಗಿಸಲಾಗಿತ್ತು. ಪ್ರಖ್ಯಾತರ ವಿಷಯದಲ್ಲಾದರೂ ಏಕೆ ಈ ಮೌನವೆಂದು ಕೇಳುವುದು ಸಹಜ. ಪ್ರಖ್ಯಾತನಿಗೂ ಸಾಮಾನ್ಯನಿಗೂ ನಡುವಣ ಗೆರೆಯನ್ನು ಎಳೆಯಬೇಕಾದರೆ ಯಂತ್ರವು ಮೊದಲು ಆ ಮುಖವು ಯಾರದೆಂದು ನಿರ್ಧರಿಸಬೇಕು, ಎಂದರೆ ಯಾವುದನ್ನು ಮಾಡಕೂಡದೋ ಅದನ್ನು ಮೊದಲೇ ಮಾಡಿ ಮುಗಿಸಿರಬೇಕು. ಪ್ರಖ್ಯಾತನನ್ನು ಹೋಲುವ ಸಾಮಾನ್ಯನು ಆ ತೀರ್ಮಾನಕ್ಕೆ ಬಲಿಯಾಗುವುದೂ ಉಂಟು. ಇದಕ್ಕೆ ಪ್ರತಿಯಾಗಿ, ಎದೆಯ ಮೇಲಿನ ನಾಮಫಲಕ, ಆಟಗಾರನ ಅಂಗಿಯ ಬೆನ್ನಿನ ಅಕ್ಷರಗಳು, ಚಿತ್ರದ ಕೆಳಗಿನ ಶೀರ್ಷಿಕೆ ಇವುಗಳನ್ನು ಓದಿ, ಈ ಬರಹದ ಪ್ರಕಾರ ಇವರು ಇಂಥವರೆಂದು ಹೇಳಲು ಅಡ್ಡಿಯಿಲ್ಲ, ಏಕೆಂದರೆ ಆಧಾರವು ಎಲ್ಲರಿಗೂ ಕಾಣುವಂತೆ ಅಲ್ಲಿಯೇ ಇದೆ. ಕೇಳುವವನೇ ಹೆಸರನ್ನು ತಿಳಿಸಿದರೆ ಅದನ್ನು ಒಪ್ಪಿಕೊಂಡು ಮಾತು ಮುಂದುವರಿಸುವುದುಂಟು. ವ್ಯಂಗ್ಯಚಿತ್ರದ ಕಲ್ಪಿತ ಪಾತ್ರಕ್ಕಂತೂ ಯಾವ ನಿಷೇಧವೂ ಇಲ್ಲ.

ಈ ನಿಯಮದ ಬೆಲೆಯನ್ನು ಮೊದಲು ತೆತ್ತವರು ಅಂಧರು. ಬಿ ಮೈ ಐಸ್ ಎಂಬ, ಅಂಧರಿಗೆ ಕಣ್ಣಾಗುವ ಸೇವೆಯ ಮೂಲಕ ಕೆಲವರು ಈ ಯಂತ್ರವನ್ನು ಜನಸಾಮಾನ್ಯರಿಗಿಂತ ಮುಂಚೆಯೇ ಬಳಸಿದ್ದರು. ಯಾವ ಚಿತ್ರದಲ್ಲಿ ಯಾರು ಹೇಗೆ ಕಾಣುವರೆಂದು ಅದು ವಿವರಿಸುವುದನ್ನು ಕೇಳಿ ಹರ್ಷಿಸಿದ್ದವರಿಗೆ, ಕೆಲಕಾಲಾನಂತರ ಗೋಪ್ಯತೆಯ ಕಾರಣದಿಂದ ಮುಖವನ್ನು ಮರೆಮಾಡಲಾಗಿದೆಯೆಂಬ ಉತ್ತರ ಬರತೊಡಗಿತು. ಹೆಸರಿನೊಡನೆ ವರ್ಣನೆಯೂ ಹೋಗಿತ್ತು. ಕಣ್ಣುಳ್ಳವರಿಗೆ ಸಹಜವಾಗಿ ದೊರೆಯುವ ತಿಳಿವಳಿಕೆಯನ್ನು ತಮಗೆ ಮಾತ್ರ ಏಕೆ ನಿರಾಕರಿಸಬೇಕೆಂಬ ಅವರ ಆಕ್ಷೇಪವು ನ್ಯಾಯವಾದದ್ದೇ ಆಗಿತ್ತು. ವರ್ಣನೆಯನ್ನು ಮರಳಿ ತೆರೆದು ನಾಮನಿರ್ದೇಶವನ್ನು ಮುಚ್ಚಿಡುವ ಇಂದಿನ ಪದ್ಧತಿಯಿಂದ ಆ ಆಕ್ಷೇಪದಲ್ಲಿ ಅರ್ಧವು ಮಾತ್ರ ತೀರಿದೆ. ಒಂದು ಕೋಣೆಯಲ್ಲಿ ಮೂವರು ಕುಳಿತಿದ್ದಾರೆ, ಒಬ್ಬರು ಹಸಿರು ಸೀರೆಯುಟ್ಟು ಕಿಟಕಿಯ ಕಡೆಗೆ ತಿರುಗಿದ್ದಾರೆ ಎಂದು ಈಗ ಅಂಧ ಮಗನೊಬ್ಬನು ತಿಳಿಯಬಲ್ಲನು. ಆಕೆ ತನ್ನ ತಾಯಿಯೋ ನೆರೆಮನೆಯವರೋ ಎಂಬುದನ್ನು ಮಾತ್ರ ಅವನು ಕೂಗಿಯೇ ಕೇಳಬೇಕು.